ಬೇಕಾದ ಎಲೆ ಬೀಳುವ ತನಕ

ಟ್ಯಾರೋ ಓದುವವರ ಮುಂದೆ ಕೂತವರ ಬಾಯಲ್ಲಿ ತಪ್ಪದೆ ಬರುವ ಮಾತೊಂದಿದೆ: "ಇನ್ನೊಂದು ಸಲ ತೆಗೆದು ನೋಡೋಣವಾ?" ಮೊದಲು ಬಿದ್ದ ಎಲೆಗಳು ಮನಸ್ಸಿಗೆ ಹಿಡಿಸಲಿಲ್ಲ ಎಂದು ನೇರವಾಗಿ ಹೇಳಲಾಗದವರು ಹೀಗೆ ಕೇಳುತ್ತಾರೆ. ಮನೆಯಲ್ಲಿ ಒಬ್ಬರೇ ಕೂತು ಎಲೆ ಹಾಕಿಕೊಳ್ಳುವವರಿಗೆ ಅಷ್ಟು ಸಂಕೋಚವೂ ಬೇಕಿಲ್ಲ. ಎಲೆಗಳನ್ನು ಬಾಚಿ, ಕಲಸಿ, ಮತ್ತೆ ಹಾಕಿದರಾಯಿತು. ಕೇಳುವವರು ಯಾರೂ ಇಲ್ಲ.

ಒಳ್ಳೆಯ ಓದುಗರು ಇದಕ್ಕೆ ಒಪ್ಪುವುದಿಲ್ಲ. ಕಾರಣ ಕೇಳಿದರೆ ಕೆಲವರು "ಕಾರ್ಡುಗಳಿಗೆ ಬೇಸರವಾಗುತ್ತದೆ" ಎನ್ನುತ್ತಾರೆ, ಕೆಲವರು "ಶಕ್ತಿ ಕದಡುತ್ತದೆ" ಎನ್ನುತ್ತಾರೆ. ಇಂಥ ವಿವರಣೆ ಕೇಳಿದ ಅರ್ಧ ಜನ ಹೆದರುತ್ತಾರೆ, ಉಳಿದರ್ಧ ಜನ ನಗುತ್ತಾರೆ. ಆದರೆ ಆ ನಿಯಮಕ್ಕೆ ಬೇಸರ, ಶಕ್ತಿಗಳ ಊರುಗೋಲು ಬೇಕಾಗಿಲ್ಲ. ಎಲೆಗಳಲ್ಲಿ ನಂಬಿಕೆ ಇದ್ದವರಿಗೂ ಇಲ್ಲದವರಿಗೂ ಅದು ಒಂದೇ ಥರ ಸಲ್ಲುತ್ತದೆ. ಹೇಗೆ ಎಂದು ತಿಳಿಯಬೇಕಾದರೆ ಎಲೆಗಳನ್ನೇ ಹರಡಿ ನೋಡಬೇಕು.

ಮೊದಲು ಕಟ್ಟಿನ ಪರಿಚಯ. ಟ್ಯಾರೋ ಕಟ್ಟಿನಲ್ಲಿ 78 ಎಲೆಗಳಿರುತ್ತವೆ. 22 ಎಲೆಗಳು ಮೇಜರ್ ಅರ್ಕಾನಾ: ಫೂಲ್, ಮೂನ್, ಟವರ್, ಸನ್ ಮುಂತಾದ ದೊಡ್ಡ ಚಿತ್ರಗಳು. ಉಳಿದ 56 ನಮ್ಮ ಇಸ್ಪೀಟಿನಂತೆ ನಾಲ್ಕು ಬಣ್ಣಗಳಲ್ಲಿವೆ: ಕಪ್ಸ್, ವಾಂಡ್ಸ್, ಸ್ವೋರ್ಡ್ಸ್, ಪೆಂಟಕಲ್ಸ್, ಒಂದೊಂದರಲ್ಲಿ 14. ಹದಿನೈದನೆಯ ಶತಮಾನದ ಉತ್ತರ ಇಟಲಿಯಲ್ಲಿ ಇದು ಬರೀ ಆಟವಾಗಿತ್ತು. ಭವಿಷ್ಯ ಕೇಳುವ ಪದ್ಧತಿ ಗಟ್ಟಿಯಾಗಿ ಅಂಟಿಕೊಂಡದ್ದು ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ, ಫ್ರಾನ್ಸಿನಲ್ಲಿ. ಇಂದು ಬೆಂಗಳೂರಿನಲ್ಲೂ ಕೈಗೆ ಸಿಗುವ ಕಟ್ಟುಗಳಲ್ಲಿ ಬಹಳಷ್ಟು 1909ರಲ್ಲಿ ಲಂಡನ್ನಿನಲ್ಲಿ ಹೊರಬಂದ ಕಟ್ಟಿನ ಮಕ್ಕಳು, ಮೊಮ್ಮಕ್ಕಳು. ಅದನ್ನು ಯೋಜಿಸಿದವನು ಎ. ಇ. ವೇಟ್, ಚಿತ್ರ ಬರೆದವಳು ಪಮೇಲಾ ಕೋಲ್ಮನ್ ಸ್ಮಿತ್. ಸಣ್ಣ ಎಲೆಗಳಿಗೂ ಆಕೆ ಮನುಷ್ಯರಿರುವ ಪೂರ್ತಿ ದೃಶ್ಯಗಳನ್ನು ಬರೆದಳು. ಈಗಿನವರು ಎಲೆಗಳಲ್ಲಿ ಕಥೆ ಓದುವುದು ಆ ದೃಶ್ಯಗಳಿಂದಲೇ.

ಈಗ ಒಂದು ಪ್ರಸಂಗ ಕಟ್ಟಿಕೊಳ್ಳೋಣ. ಎರಡು ವರ್ಷ ಜೊತೆಗಿದ್ದ ಹುಡುಗ ಮೂರು ವಾರದಿಂದ ಫೋನ್ ತೆಗೆಯುತ್ತಿಲ್ಲ. ಹುಡುಗಿ ರಾತ್ರಿ ಹನ್ನೊಂದಕ್ಕೆ ಹಾಸಿಗೆಯ ಮೇಲೆ ಕಟ್ಟು ತೆಗೆದು ಕೂತಿದ್ದಾಳೆ. ಪ್ರಶ್ನೆ: "ಅವನು ವಾಪಸ್ ಬರುತ್ತಾನಾ?" ಮೂರು ಎಲೆ ಹಾಕುತ್ತಾಳೆ. ಮೊದಲನೆಯದು ಈಗಿನ ಸ್ಥಿತಿ, ನಡುವಿನದು ಅಡ್ಡಿ, ಕೊನೆಯದು ಮುಂದಿನ ದಾರಿ. ಎಲೆ ಹಾಕುವ ಮೊದಲೇ ಈ ಜಾಗಗಳನ್ನು ಗೊತ್ತುಮಾಡಿಕೊಳ್ಳಬೇಕು. ಸ್ಪ್ರೆಡ್ ಎನ್ನುವುದು ಇದನ್ನೇ.

ಮೊದಲ ಸ್ಪ್ರೆಡ್‌ನಲ್ಲಿ ಬಿದ್ದದ್ದು ಫೋರ್ ಆಫ್ ಕಪ್ಸ್, ಟೂ ಆಫ್ ಸ್ವೋರ್ಡ್ಸ್, ಎಯ್ಟ್ ಆಫ್ ಕಪ್ಸ್. ಫೋರ್ ಆಫ್ ಕಪ್ಸ್‌ನಲ್ಲಿ ಒಬ್ಬ ಯುವಕ ಮರದ ಬುಡದಲ್ಲಿ ಕೈಕಟ್ಟಿ ಕೂತಿದ್ದಾನೆ. ಮೋಡದಿಂದ ಒಂದು ಕೈ ಅವನ ಮುಂದೆ ಬಟ್ಟಲು ಹಿಡಿದಿದೆ, ಅವನು ಅದನ್ನು ಗಮನಿಸುತ್ತಿಲ್ಲ. ಟೂ ಆಫ್ ಸ್ವೋರ್ಡ್ಸ್‌ನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸು ಎರಡು ಕತ್ತಿಗಳನ್ನು ಎದೆಯ ಮುಂದೆ ಅಡ್ಡ ಹಿಡಿದು ಕೂತಿದ್ದಾಳೆ. ಎಯ್ಟ್ ಆಫ್ ಕಪ್ಸ್‌ನಲ್ಲಿ ಕೆಂಪು ನಿಲುವಂಗಿಯವನೊಬ್ಬ ಜೋಡಿಸಿಟ್ಟ ಎಂಟು ಬಟ್ಟಲುಗಳಿಗೆ ಬೆನ್ನು ಹಾಕಿ ಬೆಟ್ಟದ ಕಡೆ ನಡೆದು ಹೋಗುತ್ತಿದ್ದಾನೆ.

ಇಷ್ಟು ಸಾಕು, ಓದು ತಾನಾಗಿ ಕೂಡಿಕೊಳ್ಳುತ್ತದೆ. ಈಗಿನ ಸ್ಥಿತಿ: ಒಂದು ಕಡೆ ಬಾಗಿಲು ಮುಚ್ಚಿದೆ, ಕೊಟ್ಟದ್ದನ್ನು ತೆಗೆದುಕೊಳ್ಳುವ ಮನಸ್ಸಿಲ್ಲ. ಅಡ್ಡಿ: ನೋಡಲೊಲ್ಲದ ಕಣ್ಣು. ದಾರಿ: ಹೊರಟು ಹೋಗುವುದು. ಹೊರಡುತ್ತಿರುವವನು ಅವನೋ ಅಥವಾ ಹೊರಡಬೇಕಾದವಳು ಇವಳೋ ಎಂಬುದನ್ನು ಎಲೆ ಹೇಳುವುದಿಲ್ಲ, ಅದರ ಬಗ್ಗೆ ಇವಳೇ ಒಂದು ರಾತ್ರಿ ಯೋಚಿಸಬೇಕು. ಗಮನಿಸಿ, ಅರ್ಥ ಮೂರರಲ್ಲಿ ಯಾವ ಒಂದು ಎಲೆಯಲ್ಲೂ ಇಲ್ಲ. ನಡುವಿನ ಎಲೆ ಕಣ್ಣು ಕಟ್ಟಿಕೊಂಡಿರುವುದರಿಂದಲೇ ಕೊನೆಯ ಎಲೆಯ ನಡಿಗೆಗೆ ತೂಕ ಬಂದಿದೆ. ಅಕ್ಕಪಕ್ಕದ ಎಲೆ, ಬಿದ್ದ ಜಾಗ, ಕೇಳಿದ ಪ್ರಶ್ನೆ, ಇವು ಒಂದನ್ನೊಂದು ಹಿಡಿದು ನಿಲ್ಲಿಸಿದಾಗಲೇ ಅದು ಓದು.

ಹುಡುಗಿಗೆ ಇದು ಬೇಡವಾಗಿತ್ತು. ಎಲೆಗಳನ್ನು ಬಾಚಿದಳು.

ಎರಡನೆಯ ಸಲ ಸೆವೆನ್ ಆಫ್ ಪೆಂಟಕಲ್ಸ್, ಮೂನ್, ಪೇಜ್ ಆಫ್ ಸ್ವೋರ್ಡ್ಸ್. ಗುದ್ದಲಿಗೆ ಒರಗಿ ಬೆಳೆ ನೋಡುತ್ತ ನಿಂತ ರೈತ, ಬೆಳದಿಂಗಳ ಮಬ್ಬು ದಾರಿ, ಕತ್ತಿ ಎತ್ತಿ ಹೊಂಚಿ ನೋಡುವ ಹುಡುಗ. ಇದು ಆ ಹುಡುಗನ ಕುರಿತಲ್ಲ, ಹಾಸಿಗೆಯ ಮೇಲೆ ಕೂತು ಮತ್ತೆ ಮತ್ತೆ ಇಣುಕುತ್ತಿರುವವಳ ಕುರಿತೇ ಬಿದ್ದಂತಿದೆ ಎಂದು ಅನುಭವಿ ಓದುಗರು ನಕ್ಕುಬಿಡುತ್ತಾರೆ. ಅವಳಿಗೆ ಕಂಡದ್ದು "ಏನೂ ಸ್ಪಷ್ಟವಿಲ್ಲ" ಎಂದಷ್ಟೇ. ಮೂರನೆಯ ಸಲ ಫೈವ್ ಆಫ್ ಪೆಂಟಕಲ್ಸ್, ಜಸ್ಟಿಸ್, ಮತ್ತೆ ಅದೇ ಎಯ್ಟ್ ಆಫ್ ಕಪ್ಸ್. ನಾಲ್ಕನೆಯ ಸಲ ತ್ರೀ ಆಫ್ ಸ್ವೋರ್ಡ್ಸ್, ಟೂ ಆಫ್ ಕಪ್ಸ್, ಟವರ್.

ಟೂ ಆಫ್ ಕಪ್ಸ್! ಗಂಡು ಹೆಣ್ಣು ಎದುರುಬದುರು ನಿಂತು ಬಟ್ಟಲು ಚಾಚುವ ಎಲೆ. ಅವಳು ಫೋನ್ ತೆಗೆದು ಆ ಒಂದೇ ಎಲೆಯ ಫೋಟೋ ಹೊಡೆದು ಗೆಳತಿಗೆ ಕಳಿಸಿ ನಿಶ್ಚಿಂತೆಯಾಗಿ ಮಲಗುತ್ತಾಳೆ. ಫೋಟೋದಲ್ಲಿ ಬಾರದ ಎರಡು ಎಲೆಗಳಲ್ಲಿ ಒಂದು, ಮೂರು ಕತ್ತಿ ಚುಚ್ಚಿದ ಹೃದಯ. ಇನ್ನೊಂದು, ಸಿಡಿಲು ಬಡಿದು ಜನ ಕೆಳಕ್ಕೆ ಬೀಳುತ್ತಿರುವ ಗೋಪುರ. ಅದಕ್ಕಿಂತ ದೊಡ್ಡ ವಿಷಯವೆಂದರೆ ಟೂ ಆಫ್ ಕಪ್ಸ್ ಬಿದ್ದದ್ದು ನಡುವಿನ ಜಾಗದಲ್ಲಿ, ಅಂದರೆ ಅಡ್ಡಿಯ ಜಾಗದಲ್ಲಿ. ಕ್ರಮ ತಪ್ಪದೆ ಓದಿದರೆ ಆ ಸ್ಪ್ರೆಡ್ ಹೇಳುವುದು: ನೋವಿದೆ, ಈ ಜೋಡಿಯ ಮೋಹವೇ ಅಡ್ಡಿ, ಮುಂದೆ ಕುಸಿತ. ನಾಲ್ಕರಲ್ಲಿ ಬಹುಶಃ ಅತ್ಯಂತ ಕಠಿಣವಾದ ಉತ್ತರ ಅದೇ. ಆದರೆ ಅಷ್ಟು ಹೊತ್ತಿಗೆ ಜಾಗಗಳ ನೆನಪೇ ಹೋಗಿತ್ತು. ಅವಳು ಓದುವುದನ್ನು ಬಿಟ್ಟು ಹುಡುಕಲು ಶುರುಮಾಡಿದ್ದಳು.

ಮೊದಲ ಕೇಡು ಇದು. ಎರಡನೆಯ ಸಲ ಎಲೆ ಹಾಕುವಾಗ ಪ್ರಶ್ನೆ ಬಾಯಲ್ಲಿ ಅದೇ ಇದ್ದರೂ ಮನಸ್ಸಿನಲ್ಲಿ ಬದಲಾಗಿರುತ್ತದೆ. "ಅವನು ಬರುತ್ತಾನಾ" ಎಂಬುದು ಹೋಗಿ "ಬರುತ್ತಾನೆ ಎನ್ನುವ ಎಲೆ ಯಾವುದು" ಎಂದಾಗಿರುತ್ತದೆ. ಆ ಪ್ರಶ್ನೆಗೆ ಕಟ್ಟಿನಲ್ಲಿ ಉತ್ತರ ಇದ್ದೇ ಇದೆ, ತಡವಾಗಬಹುದು ಅಷ್ಟೇ.

ಎಷ್ಟು ತಡ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಪ್ರೀತಿಯ ವಿಷಯದಲ್ಲಿ "ಹೌದು" ಎಂದು ಸಲೀಸಾಗಿ ಹಿಡಿದುಕೊಳ್ಳಬಹುದಾದ ಎಲೆಗಳು ಎಂಟು ಎಂದಿಟ್ಟುಕೊಳ್ಳಿ: ಲವರ್ಸ್, ಸನ್, ಸ್ಟಾರ್, ಏಸ್ ಆಫ್ ಕಪ್ಸ್, ಟೂ ಆಫ್ ಕಪ್ಸ್, ಟೆನ್ ಆಫ್ ಕಪ್ಸ್, ನೈಟ್ ಆಫ್ ಕಪ್ಸ್, ಫೋರ್ ಆಫ್ ವಾಂಡ್ಸ್. 78ರಲ್ಲಿ ಮೂರು ಎಲೆ ತೆಗೆದಾಗ ಈ ಎಂಟರಲ್ಲಿ ಒಂದಾದರೂ ಬರುವ ಸಾಧ್ಯತೆ ನೂರಕ್ಕೆ 28. ಅಂದರೆ ಬರದಿರುವುದೇ ಹೆಚ್ಚು. ಪ್ರತಿಸಲ ಎಲ್ಲ ಎಲೆ ವಾಪಸ್ ಸೇರಿಸಿ, ಚೆನ್ನಾಗಿ ಕಲಸಿ ನಾಲ್ಕು ಸಲ ಹಾಕಿದರೆ ಅದು ನೂರಕ್ಕೆ 73 ಆಗುತ್ತದೆ. ಆರು ಸಲ ಹಾಕಿದರೆ 86. ಹುಡುಗ ಎಲ್ಲಿದ್ದಾನೆ, ಏನು ಯೋಚಿಸುತ್ತಿದ್ದಾನೆ ಎಂಬುದಕ್ಕೂ ಈ ಏರಿಕೆಗೂ ಸಂಬಂಧವಿಲ್ಲ. ಅವನು ಬೇರೆಯವಳನ್ನು ಮದುವೆಯಾಗಿದ್ದರೂ ಆರನೆಯ ಸ್ಪ್ರೆಡ್‌ನ ಹೊತ್ತಿಗೆ ಒಂದು ಒಳ್ಳೆಯ ಎಲೆ ಬಿದ್ದೇಬಿಡುವ ಸಂಭವ ಹೆಚ್ಚು. ಇನ್ನು ಒಂದೇ ಎಲೆ ತೆಗೆದು, ನೇರ ಬಿದ್ದರೆ ಹೌದು, ತಲೆಕೆಳಗಾದರೆ ಇಲ್ಲ ಎಂದು ನೋಡುವವರ ಪಾಡು ಇನ್ನೂ ಸುಲಭ. ಮೂರು ಸಲದೊಳಗೆ ಒಂದು "ಹೌದು" ಸಿಗುವ ಸಾಧ್ಯತೆ ನೂರಕ್ಕೆ 87ರ ಮೇಲೆ.

ಟಾಸ್ ಸೋತ ನಾಯಕ "ಇನ್ನೊಮ್ಮೆ ಚಿಮ್ಮಿ, ಸರಿಯಾಗಿ ಕಾಣಲಿಲ್ಲ" ಎನ್ನುತ್ತಲೇ ಹೋದರೆ ಕೊನೆಗೆ ಟಾಸ್ ಅವನದೇ. ಆದರೆ ಆಗ ಅದನ್ನು ಯಾರೂ ಟಾಸ್ ಎನ್ನುವುದಿಲ್ಲ. ನಾಣ್ಯಕ್ಕೆ ಬೆಲೆ ಇದ್ದದ್ದು ಅದು ಅವನ ಮಾತು ಕೇಳುವುದಿಲ್ಲ ಎಂಬ ಒಂದೇ ಕಾರಣಕ್ಕೆ.

ಎಲೆಯ ವಿಷಯವೂ ಅಷ್ಟೇ, ಮತ್ತು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ. ಎಲೆಗೆ ಭವಿಷ್ಯ ಗೊತ್ತು ಎಂದು ನಂಬುವವರಿಗೆ ಮೊದಲ ಉತ್ತರವನ್ನು ತಳ್ಳಿ ನಾಲ್ಕನೆಯದನ್ನು ಒಪ್ಪಲು ಯಾವ ಆಧಾರವೂ ಇಲ್ಲ. ಗೊತ್ತಿರುವವರು ನಾಲ್ಕು ಸಲ ಕೇಳಿದರೆ ನಾಲ್ಕು ಮಾತು ಹೇಳುತ್ತಾರೆಯೇ? ನನ್ನಂತೆ ಎಲೆಗೆ ಏನೂ ಗೊತ್ತಿಲ್ಲ ಎನ್ನುವವರಿಗೆ, ಕುರುಡಾಗಿ ಬಿದ್ದ ಚಿತ್ರ ನಾವಾಗಿ ಯೋಚಿಸದ ಕಡೆಗೆ ಯೋಚನೆಯನ್ನು ಎಳೆಯುತ್ತದೆ ಎಂಬುದೇ ಅದರ ಉಪಯೋಗ. ಟೂ ಆಫ್ ಸ್ವೋರ್ಡ್ಸ್ ಬೀಳದಿದ್ದರೆ ಆ ಹುಡುಗಿ "ನಾನು ಏನನ್ನು ನೋಡಲು ಒಲ್ಲೆ ಎನ್ನುತ್ತಿದ್ದೇನೆ" ಎಂದು ತಾನಾಗಿ ಕೇಳಿಕೊಳ್ಳುತ್ತಿರಲಿಲ್ಲ. ಎರಡು ಕಡೆಯವರಿಗೂ ಬೇಕಾದದ್ದು ಒಂದೇ: ಎಲೆಯನ್ನು ಆರಿಸಿದವರು ನಾವಾಗಿರಬಾರದು. ಬೇಕಾದ್ದು ಬರುವ ತನಕ ಹಾಕಿದ ಎಲೆ ನಾವೇ ಆರಿಸಿದ ಎಲೆ. ಅಷ್ಟು ಮಾಡುವ ಬದಲು ಕಟ್ಟನ್ನು ಮೇಲ್ಮುಖವಾಗಿ ಹರಡಿ ಟೂ ಆಫ್ ಕಪ್ಸ್ ಅನ್ನು ಕೈಯಾರೆ ಎತ್ತಿಕೊಂಡರೆ ಅರ್ಧ ಗಂಟೆಯಾದರೂ ಉಳಿಯುತ್ತಿತ್ತು.

ಮೂರನೆಯ ಸ್ಪ್ರೆಡ್‌ನಲ್ಲಿ ಎಯ್ಟ್ ಆಫ್ ಕಪ್ಸ್ ಮತ್ತೆ ಬಂತಲ್ಲ, ಅದಕ್ಕೂ ಒಂದು ಮಾತು ಹೇಳಬೇಕು. "ನೋಡಿ, ಎಲೆ ಬೆನ್ನು ಬಿಡುತ್ತಿಲ್ಲ" ಎಂದು ಇದನ್ನೇ ದೊಡ್ಡ ಸಂಕೇತವೆನ್ನುವವರಿದ್ದಾರೆ. ಚೆನ್ನಾಗಿ ಕಲಸಿದ ಕಟ್ಟಿನಲ್ಲೂ ಮೊದಲ ಸ್ಪ್ರೆಡ್‌ನ ಮೂರರಲ್ಲಿ ಯಾವುದಾದರೊಂದು ಮುಂದಿನ ಮೂರು ಸ್ಪ್ರೆಡ್‌ಗಳಲ್ಲಿ ಎಲ್ಲಾದರೂ ಕಾಣಿಸಿಕೊಳ್ಳುವ ಸಾಧ್ಯತೆ ನೂರಕ್ಕೆ 30. ಅದರ ಮೇಲೆ ನಾವು ಕಲಸುವುದಾದರೂ ಎಷ್ಟು? ಗಣಿತಜ್ಞರಾದ ಡೇವ್ ಬೇಯರ್ ಮತ್ತು ಪರ್ಸಿ ಡಯಾಕೋನಿಸ್ 1992ರಲ್ಲಿ ತೋರಿಸಿಕೊಟ್ಟಂತೆ 52 ಎಲೆಯ ಇಸ್ಪೀಟು ಕಟ್ಟು ಸರಿಯಾಗಿ ಬೆರೆಯಬೇಕಾದರೆ, ಎರಡು ಭಾಗ ಮಾಡಿ ತುದಿಗಳನ್ನು ಪರಪರನೆ ಒಂದರೊಳಗೊಂದು ಸೇರಿಸುವ ರೀತಿಯಲ್ಲಿ ಸುಮಾರು ಏಳು ಸಲ ಕಲಸಬೇಕು. ಟ್ಯಾರೋ ಎಲೆಗಳು ಸಾಮಾನ್ಯವಾಗಿ ಅದಕ್ಕಿಂತ ದೊಡ್ಡವು, ಸಂಖ್ಯೆಯೂ ಹೆಚ್ಚು. ಮಡಚಿ ಹಾಳಾದೀತೆಂದು ಅನೇಕರು ಕೈಯಲ್ಲಿ ಹಿಡಿದು ಗೊಂಚಲು ಗೊಂಚಲಾಗಿ ಕೆಳಕ್ಕೆ ಹಾಕುತ್ತಾರಷ್ಟೇ. ಹಾಗೆ ಮಾಡಿದರೆ ಜೊತೆಗಿದ್ದ ಎಲೆಗಳು ಬಹಳ ಹೊತ್ತು ಜೊತೆಯಲ್ಲೇ ಇರುತ್ತವೆ. ಆತುರದಲ್ಲಿ ಮೂರು ಎಲೆಯನ್ನು ಕಟ್ಟಿನ ಮೇಲಿಟ್ಟು ನಾಲ್ಕು ಸಲ ಕೈಯಾಡಿಸಿದವರಿಗೆ ಹಳೆಯ ಎಲೆ ಮತ್ತೆ ಎದುರಾದರೆ ಆಶ್ಚರ್ಯವೇನಿಲ್ಲ. ಹೀಗೆ ಮರುಪ್ರಶ್ನೆಯಲ್ಲಿ ಬೇಕಾದ ಎಲೆಯೂ ಸುಳ್ಳುಸುಳ್ಳಾಗಿ ಸಿಗುತ್ತದೆ, ಹೆದರಿಸುವ ಎಲೆಯೂ ಸುಳ್ಳುಸುಳ್ಳಾಗಿ ಕಾಡುತ್ತದೆ.

ಹಾಗಾದರೆ ಒಮ್ಮೆ ಕೇಳಿದ್ದನ್ನು ಜನ್ಮದಲ್ಲಿ ಮತ್ತೆ ಕೇಳುವಂತಿಲ್ಲವೇ? ಇದು ಟ್ಯಾರೋಗಿಂತ ಹಳೆಯ ಪ್ರಶ್ನೆ. ಚೀನೀಯರ ಯೀ ಚಿಂಗ್ ಎಂಬ ಪ್ರಾಚೀನ ಶಕುನಗ್ರಂಥದಲ್ಲಿ 64 ಅಧ್ಯಾಯಗಳಿದ್ದು, ನಾಲ್ಕನೆಯದು ಇದನ್ನೇ ಎತ್ತಿಕೊಂಡು, ಮೊದಲ ಸಲ ಕೇಳಿದರೆ ಉತ್ತರ ಸಿಗುತ್ತದೆ, ಅದನ್ನೇ ಎರಡು ಮೂರು ಸಲ ಕೇಳಿದರೆ ಸಿಗದು ಎಂಬ ಅಭಿಪ್ರಾಯ ಕೊಡುತ್ತದೆ. ನಮ್ಮಲ್ಲೂ ದೇವರ ಹೂಪ್ರಸಾದ ಕೇಳಲು ಕೂತವರು ಎಡಗಡೆಯ ಹೂ ಬಿದ್ದಾಗ "ಗಾಳಿಗೆ ಬಿತ್ತು" ಎಂದು ಮತ್ತೆ ಕೈಮುಗಿಯುವುದನ್ನು ನೋಡದವರಾರು? ಆದರೆ ರೋಮನ್ನರು ಬೇರೆ ಥರ ಇದ್ದರು. ಬಲಿಪ್ರಾಣಿಯ ಒಳಗಿನ ಗುರುತುಗಳು ಶುಭವಾಗಿ ಕಾಣುವ ತನಕ ಬಲಿ ಕೊಡುತ್ತ ಹೋಗುವುದು ಅವರಲ್ಲಿ ಒಪ್ಪಿತ ಪದ್ಧತಿಯಾಗಿತ್ತು.

ಕ್ರಿಸ್ತಪೂರ್ವ 168ರ ಪಿಡ್ನಾ ಯುದ್ಧದ ಕಥೆ ಹೀಗಿದೆ. ಮ್ಯಾಸಿಡೋನಿಯದ ದೊರೆ ಪರ್ಸಿಯಸ್‌ನ ಎದುರು ನಿಂತ ರೋಮನ್ ಸೇನಾಪತಿ ಎಮಿಲಿಯಸ್ ಪೌಲಸ್ ಬೆಳಿಗ್ಗೆ ಹರ್ಕ್ಯುಲಿಸ್‌ಗೆ ಒಂದಾದ ಮೇಲೊಂದು ಇಪ್ಪತ್ತು ಎತ್ತುಗಳನ್ನು ಬಲಿ ಕೊಟ್ಟ, ಒಂದರಲ್ಲೂ ಶುಭಸೂಚನೆ ಇರಲಿಲ್ಲ. ಇಪ್ಪತ್ತೊಂದನೆಯದರಲ್ಲಿ ಬಂತು: ತಾವಾಗಿ ಮೇಲೆ ಬೀಳದೆ ಎದುರಿಸಿ ನಿಂತರೆ ಗೆಲುವು. ಅವನು ಗೆದ್ದ. ಇದನ್ನು ಬರೆದಿಟ್ಟ ಪ್ಲುಟಾರ್ಕ್ ಜೊತೆಗೆ ಇನ್ನೊಂದು ವಿವರ ಕೊಡುತ್ತಾನೆ. ಬೆಳಗಿನ ಸೂರ್ಯ ತನ್ನ ಸೈನಿಕರ ಮುಖಕ್ಕೆ ಹೊಡೆಯುತ್ತಿದ್ದುದರಿಂದ ಬಿಸಿಲು ಪಶ್ಚಿಮಕ್ಕೆ ವಾಲಲಿ ಎಂದು ಸೇನಾಪತಿ ಕಾಯುತ್ತಿದ್ದನಂತೆ. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ಅವನು ಶಕುನ ಕೇಳುತ್ತಿದ್ದನೋ ಹೊತ್ತು ಕಳೆಯುತ್ತಿದ್ದನೋ ಎಂದು ನನಗಂತೂ ಅನುಮಾನ. ಏನೇ ಇರಲಿ, ಅವನ ಪ್ರಶ್ನೆ "ಗೆಲ್ಲುತ್ತೇನಾ" ಎಂದಾಗಿರಲಿಲ್ಲ, "ಈಗ ಹೊರಡಲೇ" ಎಂದಾಗಿತ್ತು. ಗಂಟೆ ಕಳೆದಂತೆ "ಈಗ" ಬದಲಾಗುತ್ತದೆ, ಬಿಸಿಲು ತಿರುಗುತ್ತದೆ. ಅಂಥ ಪ್ರಶ್ನೆಯನ್ನು ಮತ್ತೆ ಕೇಳುವುದರಲ್ಲಿ ಅರ್ಥವಿದೆ. "ಅವನು ಬರುತ್ತಾನಾ" ಎಂಬುದು ರಾತ್ರಿ ಹನ್ನೊಂದಕ್ಕೂ ಹನ್ನೊಂದೂ ಕಾಲಿಗೂ ಒಂದೇ ಪ್ರಶ್ನೆ.

ಆದ್ದರಿಂದ ಅನೇಕ ಟ್ಯಾರೋ ಓದುಗರು ಇಟ್ಟುಕೊಂಡಿರುವ ನಿಯಮ ಸರಳ: ಪರಿಸ್ಥಿತಿ ಬದಲಾಗುವ ತನಕ ಪ್ರಶ್ನೆ ಬೇಡ. ಕೆಲವರು ಒಂದು ತಿಂಗಳು, ಕೆಲವರು ಮೂರು ತಿಂಗಳು ಎಂದು ಗಡುವು ಹಾಕುತ್ತಾರೆ. ನನಗೆ ಗಡುವಿಗಿಂತ ಒಂದು ಸಣ್ಣ ಪರೀಕ್ಷೆ ಹೆಚ್ಚು ಸರಿ ಅನ್ನಿಸುತ್ತದೆ. ಹಿಂದಿನ ಓದಿನ ನಂತರ ಹೊರಗೆ ನಡೆದ ಒಂದು ಸಂಗತಿಯನ್ನು ಕಾಗದದ ಮೇಲೆ ಬರೆಯಿರಿ. "ಅವನ ಅಕ್ಕ ಫೋನ್ ಮಾಡಿದ್ದರು", "ಎರಡನೇ ಇಂಟರ್ವ್ಯೂಗೆ ಕರೆದರು", ಇಂಥದ್ದು. ಬರೆಯಲು ಸಿಕ್ಕಿದರೆ ಕೇಳಬಹುದು. "ತಳಮಳ ಜಾಸ್ತಿಯಾಗಿದೆ" ಎಂಬುದು ಹೊರಗೆ ನಡೆದ ಸಂಗತಿಯಲ್ಲ.

ಈ ನಿಯಮಕ್ಕೆ ಕಳ್ಳದಾರಿಗಳು ಬೇಕಾದಷ್ಟಿವೆ. ಮಾತು ಬದಲಿಸುವುದು ಒಂದು: ಬರುತ್ತಾನಾ ಎಂದದ್ದು ನೆನೆಸಿಕೊಳ್ಳುತ್ತಾನಾ ಎಂದಾಗುತ್ತದೆ, ಆಮೇಲೆ ಮುಂದಿನ ತಿಂಗಳು ಮೆಸೇಜ್ ಮಾಡುತ್ತಾನಾ ಎಂದಾಗುತ್ತದೆ. ಇನ್ನೊಬ್ಬ ಓದುಗರ ಬಳಿ ಹೋಗುವುದು ಇನ್ನೊಂದು. ಎಲೆ ಬೇರೆ, ಕೈ ಬೇರೆ, ಕೇಳುವವರು ಮಾತ್ರ ಅವರೇ. ಇದಕ್ಕೆ ದುಡ್ಡೂ ಹೋಗುತ್ತದೆ. ನಿಮಿಷಕ್ಕಿಷ್ಟು ಎಂದು ವಸೂಲಿ ಮಾಡುವವರಿಗೆ "ಸಾಕು, ಇವತ್ತಿಗೆ ನಿಲ್ಲಿಸಿ" ಎನ್ನುವುದರಿಂದ ನಷ್ಟವೇ ಹೊರತು ಲಾಭವಿಲ್ಲ ಎಂಬುದನ್ನು ನೆನಪಿಡಬೇಕು.

ಎಲ್ಲಕ್ಕಿಂತ ಮರ್ಯಾದಸ್ಥ ವೇಷದ ಕಳ್ಳದಾರಿ ಕ್ಲಾರಿಫೈಯರ್, ಅಂದರೆ ಅರ್ಥವಾಗದ ಎಲೆಯ ಪಕ್ಕಕ್ಕೆ ವಿವರಣೆಗೆಂದು ಹಾಕುವ ಹೆಚ್ಚುವರಿ ಎಲೆ. ಇದು ತಪ್ಪಲ್ಲ, ಒಳ್ಳೆಯ ಓದುಗರೂ ಬಳಸುತ್ತಾರೆ. ಎಯ್ಟ್ ಆಫ್ ಕಪ್ಸ್‌ನಲ್ಲಿ ಹೊರಟವರು ಯಾರು ಎಂದು ತಿಳಿಯಲು ಅದರ ಪಕ್ಕ ಒಂದು ಎಲೆ ಹಾಕಿ, ಎರಡನ್ನೂ ಸೇರಿಸಿ ಓದಿದರೆ ಅದು ವಿವರಣೆ. ಎಯ್ಟ್ ಆಫ್ ಕಪ್ಸ್ ಕಣ್ಣಿಗೆ ಬೀಳದಂತೆ ಮುಚ್ಚಲು ಎಲೆಯ ಮೇಲೆ ಎಲೆ ಹಾಕಿದರೆ ಅದು ಮರುಪ್ರಶ್ನೆಯೇ. ಬೇರೆ ಮಾಡಿ ನೋಡುವುದು ಸುಲಭ: ಹೊಸ ಎಲೆ ಬಿದ್ದ ಮೇಲೂ ಹಳೆಯ ಎಲೆಯ ಮಾತು ಉಳಿದಿದೆಯೇ? ಮೂರು ಎಲೆಯ ಸ್ಪ್ರೆಡ್‌ಗೆ ನಾಲ್ಕು ಕ್ಲಾರಿಫೈಯರ್ ಬಿದ್ದಿದ್ದರೆ ಉತ್ತರ ಹುಡುಕುವ ಕಷ್ಟವೂ ಬೇಡ.

ಇನ್ನೊಂದು ನಷ್ಟ ತಡವಾಗಿ ಗೊತ್ತಾಗುತ್ತದೆ. ಎಲೆ ಕಲಿಯುವವರು ಪುಸ್ತಕವೊಂದರಲ್ಲಿ ದಿನಾಂಕ, ಪ್ರಶ್ನೆ, ಬಿದ್ದ ಎಲೆ, ತಮಗೆ ಹೊಳೆದ ಅರ್ಥ ಬರೆದಿಡುವುದುಂಟು. ಆರು ತಿಂಗಳ ನಂತರ ತಿರುವಿ ನೋಡಿ, ನಡೆದದ್ದಕ್ಕೆ ಹೋಲಿಸಿ, ತಮ್ಮ ಓದು ಎಲ್ಲಿ ಸಡಿಲ ಎಂದು ಕಂಡುಕೊಳ್ಳುತ್ತಾರೆ. ಒಂದೇ ರಾತ್ರಿಯ ಪುಟದಲ್ಲಿ ನಾಲ್ಕು ಸ್ಪ್ರೆಡ್ ಇದ್ದರೆ ಈ ಕೆಲಸ ಆಗದು. ಹುಡುಗ ಬಂದರೂ ಒಂದು ಸ್ಪ್ರೆಡ್ ಸರಿ, ಬರದಿದ್ದರೂ ಒಂದು ಸರಿ, ಬಂದು ಜಗಳವಾಡಿ ಹೋದರೂ ಒಂದು ಸರಿ. ಎಂದೂ ತಪ್ಪಲಾರದ ಓದಿನಿಂದ ಕಲಿಯುವುದೇನು? ಹತ್ತು ವರ್ಷ ಎಲೆ ಹಾಕಿಯೂ ಟವರ್ ಎಂದರೆ ಕೇಡು, ಸನ್ ಎಂದರೆ ಒಳಿತು ಎಂಬಲ್ಲೇ ನಿಂತವರಲ್ಲಿ ಈ ಚಾಳಿ ಇರುವವರು ಕಡಿಮೆಯಿಲ್ಲ.

ನಾಲ್ಕು ಸಲ ಆಗಲೇ ಹಾಕಿಬಿಟ್ಟಿದ್ದೀರಾ? ಹಾಗಿದ್ದರೆ ಲೆಕ್ಕಕ್ಕೆ ಬರುವುದು ಮೊದಲನೆಯದೊಂದೇ. ಅದು ಹಿಡಿಸದಿದ್ದರೂ ಅದೇ. ಉಳಿದ ಮೂರನ್ನು ಹೊಡೆದು ಹಾಕಿ, ಮೊದಲ ಮೂರು ಎಲೆಗಳ ಹೆಸರು, ಬಿದ್ದ ಜಾಗ, ದಿನಾಂಕ ಬರೆದು ಕಟ್ಟನ್ನು ಡಬ್ಬಿಗೆ ಸೇರಿಸಿ. ಮುಂದಿನ ಸಲ ಕೇಳುವುದಿದ್ದರೆ ಹೌದು ಇಲ್ಲಗಳಲ್ಲಿ ಮುಗಿಯದ ಪ್ರಶ್ನೆ ಕೇಳಿ: "ಅವನು ಬರುತ್ತಾನಾ" ಎಂಬುದರ ಬದಲು "ಈ ಕಾಯುವಿಕೆಯಲ್ಲಿ ನಾನು ಏನನ್ನು ಕಾಣುತ್ತಿಲ್ಲ" ಎಂದು. ಅಂಥ ಪ್ರಶ್ನೆಗೆ 78ರಲ್ಲಿ ಯಾವ ಎಲೆ ಬಿದ್ದರೂ ಯೋಚಿಸಲು ಏನಾದರೂ ಇರುತ್ತದೆ, ಇನ್ನೊಮ್ಮೆ ಹಾಕುವ ಆಸೆ ಹುಟ್ಟುವುದು ಕಡಿಮೆ. ಹುಡುಗ ಬರುತ್ತಾನೋ ಇಲ್ಲವೋ ಎಂಬುದೇ ನಿಜವಾಗಿ ಬೇಕಾದ ಉತ್ತರವಾಗಿದ್ದರೆ, ಅದನ್ನು ಹೇಳಬಲ್ಲವನು ಅವನೊಬ್ಬನೇ. ಫೋನ್ ತೆಗೆಯದಿದ್ದರೆ ಒಂದು ಪತ್ರ ಬರೆಯಿರಿ, ಒಂದೇ ಒಂದು.